‘ಸ್ವತ್ತುಗಳ ಅಭಿವೃದ್ಧಿ ಕುರಿತು ಚರ್ಚೆ’: ಹಾಸನದ ಒಂದು ಗೃಹ ನಿರ್ಮಾಣ ಸಹಕಾರ ಸಂಘದ ಮಹಾಸಭೆ ನೋಟಿಸ್ ಕುರಿತ ಪ್ರಕರಣ ಅಧ್ಯಯನ

ಹಾಸನದ ಬೇಲೂರು ರಸ್ತೆಯ ಕಡೆ ಒಂದು ಗೃಹ ನಿರ್ಮಾಣ ಸಹಕಾರ ಸಂಘವಿದೆ. ಸದಸ್ಯರು 412. ನಿವೇಶನಗಳೆಲ್ಲ ಬಹಳ ಹಿಂದೆಯೇ ಹಂಚಿಕೆಯಾಗಿವೆ. ಅರ್ಧಕ್ಕಿಂತ ಹೆಚ್ಚು ಸದಸ್ಯರು ಈಗ ಊರಿನಲ್ಲಿಲ್ಲ. ಕೆಲವರು ಬೆಂಗಳೂರಿನಲ್ಲಿ ಮಕ್ಕಳ ಮನೆಯಲ್ಲಿದ್ದಾರೆ, ಕೆಲವರು ಮೈಸೂರಿನಲ್ಲಿದ್ದಾರೆ, ಇನ್ನು ಕೆಲವರು ಸಕಲೇಶಪುರದ ಆಚೆ ತೋಟದಲ್ಲಿದ್ದಾರೆ. ಸಂಘದ ಹೆಸರಿನಲ್ಲಿ ಉಳಿದಿರುವ ದೊಡ್ಡ ಆಸ್ತಿ ಒಂದೇ, ಮೂಲೆಯ 40×60 ಅಡಿ ನಿವೇಶನ. ಮುಂದೊಂದು ದಿನ ಸಮುದಾಯ ಭವನ ಕಟ್ಟಬಹುದು ಎಂದು ಹಳೆಯ ಆಡಳಿತ ಮಂಡಳಿ ಅದನ್ನು ಹಂಚದೆ ಉಳಿಸಿತ್ತು. ಮಂಜೂರಾದ ನಕ್ಷೆಯಲ್ಲಿ ಅದು ಉದ್ಯಾನವೂ ಅಲ್ಲ, ನಾಗರಿಕ ಸೌಲಭ್ಯದ ನಿವೇಶನವೂ ಅಲ್ಲ. ಆಗಿದ್ದರೆ ಮಾರಾಟದ ಮಾತೇ ಏಳುತ್ತಿರಲಿಲ್ಲ.

2024ರ ಸೆಪ್ಟೆಂಬರ್ 22ರ ಮಹಾಸಭೆಯಲ್ಲಿ ಈ ನಿವೇಶನವನ್ನು ಮಾರುವ ನಿರ್ಣಯವಾಯಿತು. ಅಂದು ಹಾಜರಿದ್ದವರು 61 ಮಂದಿ. ವಾರದೊಳಗೆ ಸುದ್ದಿ ಹಬ್ಬಿತು. 46 ಸದಸ್ಯರು ಸಹಿ ಹಾಕಿ ಸಂಘಕ್ಕೆ ಆಕ್ಷೇಪಣೆ ಕೊಟ್ಟರು, ಅದರ ಪ್ರತಿಯನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೂ ಕಳುಹಿಸಿದರು. ಆದರೆ ವ್ಯವಹಾರ ನಿಂತದ್ದು ಆ ಆಕ್ಷೇಪಣೆಯಿಂದಲ್ಲ. ಕೊಳ್ಳಲು ಮುಂದೆ ಬಂದಿದ್ದವರ ವಕೀಲರು ನಿರ್ಣಯದ ಪ್ರತಿಯೊಂದಿಗೆ ಸಭೆಯ ನೋಟಿಸನ್ನೂ ಕೇಳಿದರು. ಓದಿ, ‘ಮಾರಾಟದ ವಿಷಯ ಇದರಲ್ಲಿ ಎಲ್ಲಿದೆ?’ ಎಂದು ಕೇಳಿ ಕಡತ ಹಿಂದಿರುಗಿಸಿದರು.

ಮರುವರ್ಷದ ನೋಟಿಸ್ ಕರಡು ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಎರಡು ನೋಟಿಸುಗಳನ್ನು ಪಕ್ಕಪಕ್ಕದಲ್ಲಿಟ್ಟು ಇಲ್ಲಿ ವಿವರಿಸುತ್ತಿದ್ದೇನೆ. ಗುರುತು ಸಿಗದಿರಲೆಂದು ನಿವೇಶನದ ಸಂಖ್ಯೆಯಂಥ ವಿವರಗಳನ್ನು ಬದಲಿಸಿದ್ದೇನೆ.

ಹಳೆಯ ನೋಟಿಸ್

ಗುಲಾಬಿ ಬಣ್ಣದ ಮಡಿಸಿದ ಕಾಗದದ ಮೇಲೆ ‘ಆಹ್ವಾನ ಪತ್ರಿಕೆ’ ಎಂಬ ಶೀರ್ಷಿಕೆಯಿತ್ತು. ಮುಖ್ಯ ಅತಿಥಿಗಳ ಹೆಸರುಗಳು ಮುಖಪುಟದಲ್ಲಿ, ಸಭೆಯ ವಿಷಯಗಳು ಒಳಪುಟದ ಕೆಳಭಾಗದಲ್ಲಿ:

> 1. ಪ್ರಾರ್ಥನೆ, ಸ್ವಾಗತ
> 2. ಹಿಂದಿನ ಮಹಾಸಭೆಯ ನಡವಳಿ ಓದಿ ದಾಖಲಿಸುವುದು
> 3. ಆಡಳಿತ ಮಂಡಳಿಯ ವರದಿ ಮತ್ತು ಲೆಕ್ಕಪತ್ರ ಅಂಗೀಕಾರ
> 4. ಬಜೆಟ್‌ಗಿಂತ ಹೆಚ್ಚಿಗೆ ಆದ ಖರ್ಚಿನ ಬಗ್ಗೆ
> 5. ಬೈಲಾ ತಿದ್ದುಪಡಿ ಬಗ್ಗೆ
> 6. ಸಂಘದ ಸ್ವತ್ತುಗಳ ಅಭಿವೃದ್ಧಿ ಕುರಿತು ಚರ್ಚೆ
> 7. ಪ್ರತಿಭಾ ಪುರಸ್ಕಾರ
> 8. ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು
> 9. ವಂದನಾರ್ಪಣೆ, ಭೋಜನ

ಇಂಥ ಕಾಗದ ನಮ್ಮ ಜಿಲ್ಲೆಯ ಎಷ್ಟೋ ಸಂಘಗಳಿಂದ ಪ್ರತಿ ಭಾದ್ರಪದದಲ್ಲಿ ಹೊರಡುತ್ತದೆ. ಹಿಂದಿನ ವರ್ಷದ ಕಾಗದದಲ್ಲಿ ಇಸವಿ ತಿದ್ದಿ ಮುದ್ರಣಕ್ಕೆ ಕೊಡುವುದು ರೂಢಿ. ಯಾವ ವರ್ಷ ಸಭೆಯಲ್ಲಿ ದೊಡ್ಡ ತೀರ್ಮಾನವೇನೂ ಇರುವುದಿಲ್ಲವೋ ಆ ವರ್ಷ ಇದರಿಂದ ಯಾರಿಗೂ ತೊಂದರೆಯಾಗುವುದಿಲ್ಲ. ಆಸ್ತಿಯ ವಿಷಯ ಬಂದ ವರ್ಷ ಮಾತ್ರ ಇದೇ ಕಾಗದ ಸಂಘವನ್ನು ಒಡೆಯುತ್ತದೆ.

ಆರನೇ ವಿಷಯದ ಅಡಿಯಲ್ಲಿ ಮಾರಾಟದ ನಿರ್ಣಯವಾಯಿತು. ಎಂಟನೇ ವಿಷಯದ ಅಡಿಯಲ್ಲಿ ನಿರ್ದೇಶಕರ ಸಭಾ ಭತ್ಯೆ ₹200ರಿಂದ ₹500ಕ್ಕೆ ಏರಿತು. ಐದನೆಯದರ ಅಡಿಯಲ್ಲಿ, ನಿವೇಶನ ಮಾರಿದಾಗ ಸದಸ್ಯತ್ವ ಬದಲಾಯಿಸಲು ಸಂಘ ಪಡೆಯುವ ವರ್ಗಾವಣೆ ಶುಲ್ಕ ₹1,000ದಿಂದ ₹10,000ಕ್ಕೆ ಏರಿತು. ಮೂರೂ ಹಣದ ವಿಷಯಗಳೇ. ಮೂರರಲ್ಲಿ ಒಂದರ ಮೊತ್ತವೂ ನೋಟಿಸಿನಲ್ಲಿ ಇರಲಿಲ್ಲ.

ಸಕಲೇಶಪುರದ ಬಳಿ ತೋಟ ನೋಡಿಕೊಂಡಿರುವ ಹಿರಿಯ ಸದಸ್ಯರೊಬ್ಬರನ್ನು ಆಮೇಲೆ ಮಾತನಾಡಿಸಿದೆ. ಅವರಿಗೆ ನೋಟಿಸ್ ತಲುಪಿತ್ತು, ಅವರು ಓದಿಯೂ ಇದ್ದರು. ‘ಸ್ವತ್ತುಗಳ ಅಭಿವೃದ್ಧಿ ಎಂದರೆ ಆ ಖಾಲಿ ಜಾಗಕ್ಕೆ ಬೇಲಿಯೋ ಕಾಂಪೌಂಡೋ ಹಾಕಿಸುತ್ತಾರೆ ಎಂದುಕೊಂಡೆ ಸರ್. ಹಾಕಿಸಲಿ ಬಿಡಿ, ಅದಕ್ಕೆ ನಾನು ಮಳೆಯಲ್ಲಿ ಬಸ್ಸು ಹತ್ತಬೇಕೇ?’ ಎಂದರು.

ಇಡೀ ಪ್ರಕರಣದ ತಿರುಳು ಈ ಮಾತಿನಲ್ಲಿದೆ. ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ, ಅದನ್ನು ಅವನೇ ಬಂದು ಹಾಕಬೇಕು. ಕಂಪನಿಯ ಷೇರುದಾರನಂತೆ ತನ್ನ ಬದಲಿಗೆ ಇನ್ನೊಬ್ಬರನ್ನು ಕಳುಹಿಸಲು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959 ಅವಕಾಶ ಕೊಡುವುದಿಲ್ಲ. ಹಾಗಾಗಿ ದೂರದಲ್ಲಿರುವ ಸದಸ್ಯನ ಕೈಯಲ್ಲಿರುವುದು ಒಂದೇ ಆಯ್ಕೆ: ಬರುವುದು ಅಥವಾ ಬಾರದಿರುವುದು. ಅದನ್ನು ಅವನು ನಿರ್ಧರಿಸುವುದು ನೋಟಿಸಿನ ಸಾಲುಗಳನ್ನು ಓದಿ. ಬೇಲಿ ಎಂದು ತಿಳಿದು ಮನೆಯಲ್ಲಿ ಉಳಿದವನ ಬೆನ್ನ ಹಿಂದೆ ಮಾರಾಟವಾದರೆ, ಅವನಿಗೆ ನೋಟಿಸ್ ತಲುಪಿತ್ತು ಎಂಬ ಅಂಚೆ ರಸೀದಿಯಿಂದ ಏನೂ ಸಾಬೀತಾಗುವುದಿಲ್ಲ.

ಆಡಳಿತ ಮಂಡಳಿಯವರು ಕೆಟ್ಟ ಉದ್ದೇಶದಿಂದ ಹೀಗೆ ಬರೆದರು ಎಂದು ನನಗೆ ಅನ್ನಿಸುವುದಿಲ್ಲ. ‘ಮಾರಾಟ ಎಂದು ಹಾಕಿದರೆ ಜನ ಗಲಾಟೆ ಮಾಡುತ್ತಾರೆ, ಸಭೆಯಲ್ಲಿ ಸಮಾಧಾನವಾಗಿ ವಿವರಿಸೋಣ’ ಎಂಬ ಯೋಚನೆ ಅವರದು. ಆದರೆ ಗಲಾಟೆಯಾಗುವ ವಿಷಯವನ್ನೇ ನೋಟಿಸಿನಲ್ಲಿ ಬಿಡಿಸಿ ಹೇಳಬೇಕಾದದ್ದು. ಯಾರಿಗೂ ತಕರಾರಿಲ್ಲದ ವಿಷಯವನ್ನು ಹೇಗೆ ಬರೆದರೂ ನಡೆಯುತ್ತದೆ.

ದಿನಗಳ ಎಣಿಕೆ

ಪದಗಳಿಗೆ ಹೋಗುವ ಮೊದಲು ತಾರೀಖಿನ ದೋಷವನ್ನು ಹೇಳಿಬಿಡುತ್ತೇನೆ. ಈ ಸಂಘದ ಬೈಲಾ ಮಹಾಸಭೆಗೆ 15 ಪೂರ್ಣ ದಿನಗಳ ನೋಟಿಸ್ ಕೇಳುತ್ತದೆ. ಪೂರ್ಣ ದಿನ ಎಂದರೆ ನೋಟಿಸ್ ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ನಡುವೆ ಉಳಿಯುವ ದಿನಗಳು. ನೋಟಿಸಿನ ಮೇಲಿನ ತಾರೀಖು 7-9-2024. ಅದು ಗಣೇಶ ಚತುರ್ಥಿ. ಅಂಚೆಗೆ ಹಾಕಿದ್ದು ಸೋಮವಾರ, 9ರಂದು. ಸಭೆ 22ರಂದು. 10ರಿಂದ 21ರವರೆಗೆ ಎಣಿಸಿದರೆ 12 ದಿನ. ಕಾಗದದ ಮೇಲಿನ ತಾರೀಖನ್ನೇ ಹಿಡಿದರೂ 14 ದಿನ, ಅಂದರೆ ಒಂದು ದಿನ ಕಡಿಮೆ.

2025ಕ್ಕೆ ದಿನ ಗೊತ್ತುಮಾಡುವಾಗ ಎರಡೂ ಕಡೆಯಿಂದ ಒತ್ತಡವಿತ್ತು. ನಮ್ಮ ಕಾಯ್ದೆಯ 27ನೇ ಪ್ರಕರಣದಂತೆ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ಮುಗಿಯಬೇಕು. ಕೊನೆಯ ಭಾನುವಾರ ಸೆಪ್ಟೆಂಬರ್ 21. ಅಂದು ಮಹಾಲಯ ಅಮಾವಾಸ್ಯೆ, ಮನೆಯಲ್ಲಿ ಪಿತೃಕಾರ್ಯ ಬಿಟ್ಟು ಸಭೆಗೆ ಯಾರೂ ಬರುವುದಿಲ್ಲ. ಹಿಂದಿನ ಭಾನುವಾರ, 14ನೇ ತಾರೀಖು ಆರಿಸಿದೆವು. ಆಗಸ್ಟ್ 27 ಗಣೇಶನ ಹಬ್ಬವಾದ್ದರಿಂದ ಅದಕ್ಕೂ ಮೊದಲೇ ಅಂಚೆ ಹೊರಡಬೇಕೆಂದು, ಆಗಸ್ಟ್ 18ರ ಸೋಮವಾರ ಸಂಜೆ ಆಡಳಿತ ಮಂಡಳಿ ಸೇರಿ ವಿಷಯಪಟ್ಟಿಯನ್ನು ಪದಪದವಾಗಿ ಓದಿ ಅಂಗೀಕರಿಸಿತು. 23ರ ಶನಿವಾರ ಕಾಗದಗಳು ಅಂಚೆ ಕಚೇರಿ ಸೇರಿದವು. ನಡುವೆ 21 ಪೂರ್ಣ ದಿನ ಸಿಕ್ಕಿತು. 15 ಸಾಕಿದ್ದರೂ ಆರು ದಿನ ಹೆಚ್ಚು ಇಟ್ಟುಕೊಂಡದ್ದಕ್ಕೆ ಕಾರಣವಿದೆ: ‘ನೋಟಿಸ್ ಕೊಟ್ಟ ದಿನ’ ಎಂದರೆ ಅಂಚೆಗೆ ಹಾಕಿದ ದಿನವೋ ತಲುಪಿದ ದಿನವೋ ಎಂದು ಬೈಲಾ ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. ಯಾವ ಅರ್ಥ ಹಿಡಿದರೂ ಸಾಲುವಂತೆ ಇರಲಿ ಎಂಬುದು ನನ್ನ ಹಟವಾಗಿತ್ತು.

ಸಾಲಿನ ಕೊನೆಯ ಕ್ರಿಯಾಪದ

ಹಳೆಯ ಪಟ್ಟಿಯಲ್ಲಿ ಹೆಚ್ಚು ಹಾನಿ ಮಾಡಿದ್ದು ‘ಬಗ್ಗೆ’ ಮತ್ತು ‘ಚರ್ಚೆ’. ‘ಬೈಲಾ ತಿದ್ದುಪಡಿ ಬಗ್ಗೆ’ ಎಂದರೆ ಸಭೆ ಏನು ಮಾಡಲಿದೆ? ಮಾತನಾಡುತ್ತದೆಯೇ, ಸಮಿತಿಗೆ ಒಪ್ಪಿಸುತ್ತದೆಯೇ, ಅಂದೇ ಮತಕ್ಕೆ ಹಾಕುತ್ತದೆಯೇ? ಸಾಲು ಹೇಳುವುದಿಲ್ಲ. ‘ಚರ್ಚೆ’ ಎಂದು ಬರೆದ ಮೇಲೆ ಚರ್ಚೆಯಷ್ಟೇ ಆಗಬೇಕು. ಓದಿದವನು ಅದನ್ನು ನಂಬಿ ಮನೆಯಲ್ಲಿರಲು ಹಕ್ಕುಳ್ಳವನು.

ಹೊಸ ಕರಡಿಗೆ ನಾವು ಮಾಡಿಕೊಂಡ ನಿಯಮ ಸರಳ. ಪ್ರತಿ ಸಾಲೂ ಸಭೆ ಮಾಡಲಿರುವ ಕೆಲಸವನ್ನೇ ಹೇಳುವ ಕ್ರಿಯಾಪದದಲ್ಲಿ ಮುಗಿಯಬೇಕು. ಸಭೆಯ ಮುಂದೆ ಇಟ್ಟು ಓದುವಷ್ಟೇ ಇದ್ದರೆ ‘ಮಂಡಿಸುವುದು’. ಮತ ಬೇಕಾದರೆ ‘ತೀರ್ಮಾನಿಸುವುದು’ ಅಥವಾ ‘ಅಂಗೀಕರಿಸುವುದು’. ಈಗಾಗಲೇ ಆಗಿಹೋದ ಖರ್ಚಿಗಾದರೆ ‘ಮಂಜೂರಾತಿ ನೀಡುವುದು’. ಅಭಿಪ್ರಾಯ ಕೇಳುವುದಷ್ಟೇ ಉದ್ದೇಶವಾದರೆ ‘ಚರ್ಚಿಸುವುದು, ಈ ಸಭೆಯಲ್ಲಿ ತೀರ್ಮಾನ ಇರುವುದಿಲ್ಲ’ ಎಂದೇ ಬರೆಯಬೇಕು. ಈ ಕೊನೆಯದು ಆಡಳಿತ ಮಂಡಳಿಗೆ ವಿಚಿತ್ರವಾಗಿ ಕಂಡಿತು. ಆದರೆ ಅದು ಇದ್ದರೆ ಮಾತ್ರ ಉಳಿದ ಸಾಲುಗಳ ‘ತೀರ್ಮಾನಿಸುವುದು’ ಎಂಬ ಮಾತಿಗೆ ತೂಕ ಬರುತ್ತದೆ.

ನಡವಳಿಯ ಸಾಲಿನ ಬಗ್ಗೆ ದೊಡ್ಡ ವಾದವೇ ನಡೆಯಿತು. ಮಂಡಳಿಯ ಒಬ್ಬ ನಿರ್ದೇಶಕರು ಒಂದು ದಾರಿ ಸೂಚಿಸಿದರು: ‘ಹೋದ ವರ್ಷದ ನಡವಳಿಯಲ್ಲಿ ಮಾರಾಟದ ನಿರ್ಣಯ ಇದ್ದೇ ಇದೆ. ಈ ವರ್ಷ ಎರಡನೇ ವಿಷಯದಲ್ಲಿ ನಡವಳಿಯನ್ನು ದೃಢೀಕರಿಸಿಬಿಟ್ಟರೆ ಮಾರಾಟವೂ ದೃಢವಾದಂತೆಯೇ ಅಲ್ಲವೇ?’ ಈ ತಿಳಿವಳಿಕೆ ಬಹಳ ಕಡೆ ಇದೆ, ಆದರೆ ಅದು ಸರಿಯಲ್ಲ. ನಡವಳಿ ದೃಢೀಕರಿಸುವುದೆಂದರೆ ‘ಅಂದು ನಡೆದದ್ದನ್ನು ಸರಿಯಾಗಿ ಬರೆದಿದ್ದೀರಿ’ ಎಂದು ಒಪ್ಪುವುದು ಮಾತ್ರ. ಅಂದು ನಡೆದದ್ದು ಕ್ರಮಬದ್ಧವಾಗಿತ್ತು ಎಂದು ಒಪ್ಪಿದಂತಾಗುವುದಿಲ್ಲ. ಮಾರಾಟವನ್ನು ವಿರೋಧಿಸಿ 46 ಜನರ ಪತ್ರಕ್ಕೆ ಸಹಿ ಹಾಕಿದವರೂ ಆ ನಡವಳಿಯನ್ನು ನಿಶ್ಚಿಂತೆಯಿಂದ ದೃಢೀಕರಿಸಬಹುದು. ಹಾಗೆಯೇ, ಆಕ್ಷೇಪಣೆ ಬಂತೆಂದು ಕಾರ್ಯದರ್ಶಿಯವರು ನಡವಳಿ ಪುಸ್ತಕದಲ್ಲಿ ಆ ನಿರ್ಣಯವನ್ನು ಹೊಡೆದುಹಾಕುವಂತೆಯೂ ಇಲ್ಲ. ಬಿದ್ದ ನಿರ್ಣಯವೂ ಪುಸ್ತಕದಲ್ಲಿರಬೇಕು. ಅದನ್ನು ತೆಗೆಯಬೇಕಾದರೆ ಹೊಸ ನೋಟಿಸಿನಲ್ಲಿ ಪ್ರತ್ಯೇಕ ವಿಷಯವಾಗಿ ತಂದು, ರದ್ದುಪಡಿಸುವ ನಿರ್ಣಯ ಮಾಡಬೇಕು. ನಾವು ಹಾಗೆಯೇ ಮಾಡಿದೆವು.

ಹೊಸ ನೋಟಿಸ್

ಶೀರ್ಷಿಕೆ ‘ಸರ್ವ ಸದಸ್ಯರ ವಾರ್ಷಿಕ ಮಹಾಸಭೆಯ ನೋಟಿಸ್’ ಎಂದಾಯಿತು. ಪ್ರತಿಭಾ ಪುರಸ್ಕಾರಕ್ಕೆ ಬೇರೆ ಆಹ್ವಾನ ಪತ್ರಿಕೆ ಮುದ್ರಿಸಿ ಅದೇ ಲಕೋಟೆಯಲ್ಲಿ ಇಟ್ಟೆವು. ಮಕ್ಕಳಿಗೆ ಬಹುಮಾನ ಕೊಡುವುದು ಒಳ್ಳೆಯ ಪದ್ಧತಿ, ಅದು ಮುಂದುವರಿಯಲಿ. ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಕರೆಯೂ ಆಸ್ತಿ ಮಾರಾಟದ ಕರೆಯೂ ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಇರಬಾರದು. ವಿಷಯಗಳ ಮುಖ್ಯ ಭಾಗ ಹೀಗಿತ್ತು:

> 1. 22-9-2024ರ ಮಹಾಸಭೆಯ ನಡವಳಿಯನ್ನು ಓದಿ, ದಾಖಲೆ ಸರಿಯಾಗಿದೆಯೆಂದು ದೃಢೀಕರಿಸುವುದು.
>
> 2. 2024-25ನೇ ಸಾಲಿನ ಆಡಳಿತ ಮಂಡಳಿಯ ವರದಿಯನ್ನು ಮಂಡಿಸುವುದು.
>
> 3. 2024-25ನೇ ಸಾಲಿನ ಲೆಕ್ಕಪರಿಶೋಧಿತ ಜಮಾ-ಖರ್ಚು, ಲಾಭ-ನಷ್ಟ ಮತ್ತು ಆಸ್ತಿ-ಜವಾಬ್ದಾರಿ ತಖ್ತೆಗಳನ್ನು ಪರಿಶೀಲಿಸಿ ಅಂಗೀಕರಿಸುವುದು. ಲೆಕ್ಕಪರಿಶೋಧನಾ ವರದಿಯನ್ನೂ ಅದಕ್ಕೆ ಆಡಳಿತ ಮಂಡಳಿಯ ಅನುಪಾಲನಾ ವರದಿಯನ್ನೂ ಮಂಡಿಸುವುದು.
>
> 4. ಬಜೆಟ್‌ಗಿಂತ ಹೆಚ್ಚಿಗೆ ಖರ್ಚಾದ ಎರಡು ಬಾಬ್ತುಗಳಿಗೆ, ಎಂದರೆ ಕಚೇರಿ ಕಟ್ಟಡ ದುರಸ್ತಿಗೆ ₹38,400 ಮತ್ತು ಕಾನೂನು ಸಲಹೆಗೆ ₹15,000, ಮಂಜೂರಾತಿ ನೀಡುವುದು.
>
> 5. 2025-26ನೇ ಸಾಲಿಗೆ, ಇಲಾಖೆಯ ಅನುಮೋದಿತ ಪಟ್ಟಿಯಲ್ಲಿರುವ ಲೆಕ್ಕಪರಿಶೋಧಕರಲ್ಲಿ ಒಬ್ಬರನ್ನು ನೇಮಿಸುವುದು. (ಆಡಳಿತ ಮಂಡಳಿ ಸೂಚಿಸಿದವರ ಹೆಸರು ಮತ್ತು ಶುಲ್ಕ ಅನುಬಂಧ 2ರಲ್ಲಿದೆ.)
>
> 6. 22-9-2024ರ ಮಹಾಸಭೆಯಲ್ಲಿ (ಅ) ನಿವೇಶನ ಸಂಖ್ಯೆ 118ರ ಮಾರಾಟ, (ಆ) ನಿರ್ದೇಶಕರ ಸಭಾ ಭತ್ಯೆ ಹೆಚ್ಚಳ, (ಇ) ವರ್ಗಾವಣೆ ಶುಲ್ಕಕ್ಕೆ ಸಂಬಂಧಿಸಿದ ಬೈಲಾ ತಿದ್ದುಪಡಿ, ಈ ಮೂರರ ಬಗ್ಗೆ ಆದ ನಿರ್ಣಯಗಳನ್ನು ರದ್ದುಪಡಿಸುವುದು.
>
> 7. ಬೈಲಾದ ವರ್ಗಾವಣೆ ಶುಲ್ಕದ ಉಪವಿಧಿಯನ್ನು ಅನುಬಂಧ 3ರಲ್ಲಿ ತೋರಿಸಿದಂತೆ ತಿದ್ದುಪಡಿ ಮಾಡಿ, ಶುಲ್ಕವನ್ನು ₹1,000ದಿಂದ ₹10,000ಕ್ಕೆ ಹೆಚ್ಚಿಸಬೇಕೇ ಎಂಬುದನ್ನು ತೀರ್ಮಾನಿಸುವುದು. ತಿದ್ದುಪಡಿ ನೋಂದಣಿಯಾದ ನಂತರವೇ ಜಾರಿಗೆ ಬರುತ್ತದೆ.
>
> 8. (ಅ) ಎರಡನೇ ಅಡ್ಡರಸ್ತೆಯ ಮೂಲೆಯಲ್ಲಿ ಸಂಘದ ಹೆಸರಿನಲ್ಲಿರುವ 40×60 ಅಡಿ ಅಳತೆಯ ನಿವೇಶನ ಸಂಖ್ಯೆ 118ನ್ನು, ಚದರ ಅಡಿಗೆ ₹3,800ಕ್ಕೆ ಕಡಿಮೆಯಿಲ್ಲದ ದರದಲ್ಲಿ (ಒಟ್ಟು ₹91,20,000ಕ್ಕೆ ಕಡಿಮೆಯಾಗದಂತೆ), ಬಹಿರಂಗ ಹರಾಜಿನಲ್ಲಿ, ಅಗತ್ಯವಿರುವ ಅನುಮತಿಗಳಿಗೆ ಒಳಪಟ್ಟು ಮಾರಾಟ ಮಾಡಬೇಕೇ ಎಂಬುದನ್ನು ತೀರ್ಮಾನಿಸುವುದು.
> (ಆ) ಮಾರಾಟಕ್ಕೆ ಸಭೆ ಒಪ್ಪಿದರೆ, ಬಂದ ಹಣವನ್ನು ಮುಂದಿನ ಮಹಾಸಭೆ ತೀರ್ಮಾನಿಸುವವರೆಗೆ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡುವುದನ್ನು ಅಂಗೀಕರಿಸುವುದು.
>
> 9. ಇತರ ವಿಷಯಗಳು. ಈ ಶೀರ್ಷಿಕೆಯಡಿ ಸದಸ್ಯರ ಸಲಹೆ, ಪ್ರಶ್ನೆಗಳನ್ನು ಮಾತ್ರ ಕೇಳಲಾಗುವುದು. ಹಣ, ಆಸ್ತಿ, ಶುಲ್ಕ, ಬೈಲಾಗೆ ಸಂಬಂಧಿಸಿದ ನಿರ್ಣಯ ಮಾಡಲಾಗುವುದಿಲ್ಲ.

ಆರನೇ ವಿಷಯವನ್ನು ನಾನು ಮೂರಾಗಿ ಒಡೆದದ್ದು ಉದ್ದೇಶಪೂರ್ವಕ. ಭತ್ಯೆಯ ಹೆಚ್ಚಳ ಬೇಡ, ಶುಲ್ಕ ಸರಿ ಎನ್ನುವವರು ಇದ್ದರು. ಮೂರನ್ನೂ ಒಂದೇ ಮತಕ್ಕೆ ಕಟ್ಟಿದರೆ ಅವರು ತಮಗೆ ಬೇಡದ್ದನ್ನೂ ಒಪ್ಪಬೇಕಾಗುತ್ತದೆ. ಎಂಟನೆಯದರಲ್ಲಿಯೂ ಮಾರುವ ಪ್ರಶ್ನೆ ಬೇರೆ, ಹಣದ ಪ್ರಶ್ನೆ ಬೇರೆ. ಹಿಂದಿನ ವರ್ಷ ಸಭೆಯಲ್ಲಿ ‘ಮಾರಿದರೆ ಕಟ್ಟಡದ ಮೇಲೆ ಇನ್ನೊಂದು ಮಹಡಿ ಕಟ್ಟಬಹುದು’ ಎಂದು ಹೇಳಿ ಎರಡನ್ನೂ ಒಟ್ಟಿಗೆ ಒಪ್ಪಿಸಿದ್ದರು.

ಮೊತ್ತ ಬರೆಯುವುದಕ್ಕೆ ಮಂಡಳಿಯಲ್ಲಿ ಹಿಂಜರಿಕೆಯಿತ್ತು. ‘₹3,800 ಎಂದು ಮುದ್ರಿಸಿದರೆ ಕೊಳ್ಳುವವರು ಅಷ್ಟಕ್ಕೇ ನಿಲ್ಲುತ್ತಾರೆ’ ಎಂಬ ಆತಂಕ. ಅದಕ್ಕೇ ‘ಕಡಿಮೆಯಿಲ್ಲದ’ ಎಂಬ ಮಾತು ಬೇಕಾಯಿತು. ಅದು ಕೆಳಮಿತಿಯನ್ನು ಮಾತ್ರ ಕಟ್ಟುತ್ತದೆ. ಸದಸ್ಯನಿಗೆ ತಿಳಿಯಬೇಕಾದದ್ದೂ ಅದೇ: ತಾನು ಬಾರದಿದ್ದರೆ ಆಗಬಹುದಾದ ಅತಿ ಕಡಿಮೆ ದರ ಎಷ್ಟು.

ಅನುಬಂಧ 3ರಲ್ಲಿ ಒಂದು ಪುಟವನ್ನು ಎರಡು ಅಂಕಣ ಮಾಡಿ, ಎಡಗಡೆ ಈಗಿರುವ ಉಪವಿಧಿಯನ್ನೂ ಬಲಗಡೆ ಆಗಬೇಕಾದ ಉಪವಿಧಿಯನ್ನೂ ಪೂರ್ತಿ ಕೊಟ್ಟೆವು, ಕೆಳಗೆ ಕಾರಣವನ್ನು ಎರಡು ಸಾಲಿನಲ್ಲಿ ಬರೆದೆವು. ಬದಲಾಗುವ ಪದವನ್ನಷ್ಟೇ ಕೊಟ್ಟರೆ ಸಾಲದು. ಬಹುಪಾಲು ಸದಸ್ಯರ ಮನೆಯಲ್ಲಿ ಬೈಲಾ ಪುಸ್ತಕ ಇರುವುದಿಲ್ಲ. ಅಲ್ಲದೆ ಬೈಲಾ ತಿದ್ದುಪಡಿ ಸಭೆ ಒಪ್ಪಿದ ಮಾತ್ರಕ್ಕೆ ಜಾರಿಗೆ ಬರುವುದಿಲ್ಲ, ನಿಬಂಧಕರ ಕಚೇರಿಯಲ್ಲಿ ನೋಂದಣಿಯಾಗಬೇಕು. ಅಲ್ಲಿಗೆ ಹೋಗುವ ಪಠ್ಯ ಸಭೆಯಲ್ಲಿ ಒಪ್ಪಿದ ಪಠ್ಯವೇ ಎಂದು ತೋರಿಸಲು ನೋಟಿಸಿನಲ್ಲಿ ಅದೇ ಅಕ್ಷರಗಳು ಇದ್ದರೆ ಒಳ್ಳೆಯದು.

ನೋಟಿಸಿನ ಕೊನೆಯಲ್ಲಿ ಕೋರಂ ಬಗ್ಗೆ ಎರಡು ಸಾಲು. ಈ ಸಂಘದ ಬೈಲಾದಂತೆ ಕೋರಂ ಐದನೇ ಒಂದು ಭಾಗ, ಅಂದರೆ 83 ಸದಸ್ಯರು. ಅಷ್ಟು ಜನ ಬಾರದಿದ್ದರೆ ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ಇದ್ದಷ್ಟು ಜನರೊಂದಿಗೆ ಸಭೆ ನಡೆಸಲು ಬೈಲಾ ಬಿಡುತ್ತದೆ. 2024ರಲ್ಲಿ ನಡೆದದ್ದು ಹೀಗೆ ಮುಂದೂಡಿದ ಸಭೆಯೇ. ಆದರೆ ಆ ವಿನಾಯಿತಿಗೆ ಬೈಲಾದಲ್ಲೇ ಒಂದು ಷರತ್ತಿದೆ: ಮೂಲ ನೋಟಿಸಿನಲ್ಲಿರುವ ವಿಷಯಗಳನ್ನು ಮಾತ್ರ ತೆಗೆದುಕೊಳ್ಳಬೇಕು. ಹಳೆಯ ನೋಟಿಸಿನಲ್ಲಿ ಈ ಷರತ್ತನ್ನು ಬಿಟ್ಟು, ‘ಕೋರಂ ಇಲ್ಲದಿದ್ದರೆ ಅರ್ಧ ಗಂಟೆಯ ನಂತರ ಸಭೆ ನಡೆಸಲಾಗುವುದು’ ಎಂದಷ್ಟೇ ಇತ್ತು. ಸಭಾ ಭತ್ಯೆಯ ನಿರ್ಣಯ ನೋಟಿಸಿನಲ್ಲಿಲ್ಲದ ವಿಷಯದ ಮೇಲೆ, ಕೋರಂ ಇಲ್ಲದ ಸಭೆಯಲ್ಲಿ ಆಗಿತ್ತು. ಮೂರರಲ್ಲಿ ಅದೇ ಎಲ್ಲಕ್ಕಿಂತ ದುರ್ಬಲ. ಹೊಸ ನೋಟಿಸಿನಲ್ಲಿ ಷರತ್ತನ್ನೂ ಬರೆದೆವು.

ತಲುಪಿಸಿದ್ದಕ್ಕೆ ಪುರಾವೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಡಾವಣೆಯಲ್ಲಿ ವಾಸವಿರುವವರಿಗೆ ಸಂಘದ ಅಟೆಂಡರ್ ಮನೆಗೆ ಹೋಗಿ ಕೊಟ್ಟು ಪುಸ್ತಕದಲ್ಲಿ ಸಹಿ ಪಡೆದರು. ಉಳಿದವರಿಗೆ ಸದಸ್ಯರ ಪುಸ್ತಕದಲ್ಲಿರುವ ವಿಳಾಸಕ್ಕೇ ಅಂಚೆಯಲ್ಲಿ ಹೋಯಿತು. ಗೊತ್ತಿರುವ ಹೊಸ ವಿಳಾಸ ಬೇರೆಯಿದ್ದರೆ ಅಲ್ಲಿಗೆ ಇನ್ನೊಂದು ಪ್ರತಿ ಕಳುಹಿಸಿದೆವು. ಹಿಂದಿರುಗಿದ ಲಕೋಟೆಗಳನ್ನು ಒಡೆಯದೆ, ಅಂಚೆಯವರ ಷರಾ ಕಾಣುವಂತೆ ಕಡತದಲ್ಲಿ ಇಡಲು ಹೇಳಿದೆ. ವಾಟ್ಸ್ಆ್ಯಪ್ ಗುಂಪಿಗೂ ಹಾಕಿದೆವು, ಆದರೆ ಅದು ನೆನಪಿಸಲು ಮಾತ್ರ. ಬೈಲಾ ಹೇಳಿದ ಕ್ರಮಕ್ಕೆ ಅದು ಬದಲಿಯಾಗುವುದಿಲ್ಲ. ಗುಂಪಿನಲ್ಲಿ ಇಲ್ಲದವರು ಹೆಚ್ಚಾಗಿ ವಯಸ್ಸಾದವರೇ, ಸಂಘದ ಅತ್ಯಂತ ಹಳೆಯ ಸದಸ್ಯರು.

ಸಭೆಯ ದಿನ ಪದಗಳಿಗೆ ಬಂದ ಪರೀಕ್ಷೆ

2025ರ ಸೆಪ್ಟೆಂಬರ್ 14ರಂದು 137 ಸದಸ್ಯರು ಬಂದರು. ಮೊದಲ ಕರೆಗೇ ಕೋರಂ ಆಯಿತು. ಸಕಲೇಶಪುರದ ಆ ಹಿರಿಯರೂ ಬಂದಿದ್ದರು.

ಆರನೇ ವಿಷಯದ ಮೂರೂ ಭಾಗಗಳು ಹೆಚ್ಚು ಮಾತಿಲ್ಲದೆ ಅಂಗೀಕಾರವಾದವು. ವರ್ಗಾವಣೆ ಶುಲ್ಕಕ್ಕೆ 112 ಮಂದಿ ಪರ, 14 ಮಂದಿ ವಿರುದ್ಧ. ಶುಲ್ಕ ಹತ್ತು ಪಟ್ಟಾಗುತ್ತಿದ್ದರೂ ಇಷ್ಟು ಸುಲಭವಾಗಿ ಒಪ್ಪಿಗೆಯಾದದ್ದು ಮಂಡಳಿಗೆ ಆಶ್ಚರ್ಯ ತಂದಿತು. ನನಗೆ ಆಗಲಿಲ್ಲ. ನಿವೇಶನ ಮಾರುವವರು ಮಾತ್ರ ಕೊಡುವ ಶುಲ್ಕ ಅದೆಂದು ಅನುಬಂಧ ಓದಿದವರಿಗೆಲ್ಲ ಗೊತ್ತಾಗಿತ್ತು.

ಎಂಟನೇ ವಿಷಯದಲ್ಲಿ ಮೂರು ತಿದ್ದುಪಡಿ ಸೂಚನೆಗಳು ಸಭೆಯ ನಡುವಿನಿಂದ ಬಂದವು. ಇಲ್ಲಿ ನೋಟಿಸಿನ ಪದಗಳೇ ಬೇಲಿಯಾಗಿ ನಿಂತವು. ಮೊದಲ ಸದಸ್ಯರು ಕನಿಷ್ಠ ದರವನ್ನು ₹4,200ಕ್ಕೆ ಏರಿಸಬೇಕೆಂದರು. ಅಧ್ಯಕ್ಷರು ಅದನ್ನು ತೆಗೆದುಕೊಂಡರು. ಎರಡನೆಯವರು, ಅಷ್ಟು ದರಕ್ಕೆ ಯಾರೂ ಬರುವುದಿಲ್ಲ, ₹3,500ಕ್ಕೆ ಇಳಿಸಿ ಎಂದರು. ಅಧ್ಯಕ್ಷರು ಒಪ್ಪಲಿಲ್ಲ. ಮೂರನೆಯವರು, ಮಾರುವುದು ಬೇಡ, 30 ವರ್ಷಕ್ಕೆ ಗುತ್ತಿಗೆ ಕೊಡೋಣ ಎಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಅಧ್ಯಕ್ಷರು ಸ್ವಲ್ಪ ಯೋಚಿಸಿ ಅದನ್ನೂ ಮತಕ್ಕೆ ಹಾಕಲು ನಿರಾಕರಿಸಿದರು.

ಮೂರೂ ಸಂದರ್ಭದಲ್ಲಿ ಅಳತೆಗೋಲು ಒಂದೇ. ಈ ನೋಟಿಸನ್ನು ಓದಿ, ‘ಇಷ್ಟಾದರೆ ನನಗೆ ಅಡ್ಡಿಯಿಲ್ಲ’ ಎಂದು ಮನೆಯಲ್ಲೇ ಉಳಿದ ಸದಸ್ಯ ನಾಳೆ ನಿರ್ಣಯ ಕೇಳಿ, ‘ಹೀಗೆಂದು ಗೊತ್ತಿದ್ದರೆ ಬರುತ್ತಿದ್ದೆ’ ಎಂದು ನ್ಯಾಯವಾಗಿ ಹೇಳಬಹುದೇ? ₹4,200ಕ್ಕೆ ಹಾಗೆ ಹೇಳಲಾಗದು, ₹3,800ಕ್ಕೆ ಕಡಿಮೆಯಿಲ್ಲ ಎಂಬ ಮಾತಿನೊಳಗೆ ಅದು ಬರುತ್ತದೆ. ₹3,500ಕ್ಕೆ ಖಂಡಿತ ಹೇಳಬಹುದು. ಗುತ್ತಿಗೆಯ ವಿಷಯ ಸ್ವಲ್ಪ ಕಷ್ಟದ್ದು. ಮಾರಾಟಕ್ಕಿಂತ ಗುತ್ತಿಗೆ ಚಿಕ್ಕ ಹೆಜ್ಜೆ, ದೊಡ್ಡದರಲ್ಲಿ ಚಿಕ್ಕದೂ ಅಡಗಿದೆ ಎಂದು ವಾದಿಸಿದವರಿದ್ದರು. ಆದರೆ ಯಾರಿಗೆ, ಎಷ್ಟು ಬಾಡಿಗೆಗೆ, ಅಲ್ಲಿ ಏನು ಕಟ್ಟಲು ಎಂಬ ಒಂದು ವಿವರವೂ ನೋಟಿಸಿನಲ್ಲಿರಲಿಲ್ಲ. ಪಕ್ಕದ ಮನೆಯವರಿಗೆ ಅಲ್ಲಿ ಕಲ್ಯಾಣ ಮಂಟಪ ಬರುವುದೋ ಗೋದಾಮು ಬರುವುದೋ ಎಂಬುದು ಮಾರಾಟದ ದರಕ್ಕಿಂತ ದೊಡ್ಡ ಪ್ರಶ್ನೆ. ಅಧ್ಯಕ್ಷರ ತೀರ್ಮಾನ ಸರಿ ಎಂದೇ ನನ್ನ ಅಭಿಪ್ರಾಯ.

₹4,200ರ ತಿದ್ದುಪಡಿಯೊಂದಿಗೆ ಮಾರಾಟವನ್ನು ಚೀಟಿಯ ಮೂಲಕ ಮತಕ್ಕೆ ಹಾಕಿದರು. ಪರ 58, ವಿರುದ್ಧ 71, ಎಂಟು ಮಂದಿ ಮತ ಹಾಕಲಿಲ್ಲ. ಮಾರಾಟ ಬಿದ್ದುಹೋಯಿತು. ಎಂಟು (ಆ) ಕೇಳುವ ಪ್ರಮೇಯವೇ ಬರಲಿಲ್ಲ.

ಮಂಡಳಿಗೆ ಇದು ಬೇಸರದ ಫಲಿತಾಂಶ. ನೋಟಿಸಿನಲ್ಲಿ ಬಿಡಿಸಿ ಬರೆದದ್ದರಿಂದಲೇ ಸೋತೆವು ಎಂದು ಒಬ್ಬರು ಹೇಳಿದರು, ಆ ಮಾತು ನಿಜವೂ ಹೌದು. ಒಳ್ಳೆಯ ನೋಟಿಸ್ ನಿರ್ಣಯವನ್ನು ಗೆಲ್ಲಿಸಿಕೊಡುವುದಿಲ್ಲ. ಆದರೆ ಈ ಬಾರಿ ಸೋತ ಕಡೆಯವರಲ್ಲಿ ಒಬ್ಬರೂ ಸಹಾಯಕ ನಿಬಂಧಕರ ಕಚೇರಿಗೆ ಅರ್ಜಿ ಕೊಡಲಿಲ್ಲ. ಕಾಯ್ದೆಯ 70ನೇ ಪ್ರಕರಣದಡಿ ವಿವಾದ ಹೂಡುವ ಮಾತನ್ನೂ ಯಾರೂ ಎತ್ತಲಿಲ್ಲ.

ಸಭೆಯ ನಂತರ ಎರಡು ಕೆಲಸ ಉಳಿದವು. ಬೈಲಾ ತಿದ್ದುಪಡಿಯ ಪ್ರಸ್ತಾವವನ್ನು ನಡವಳಿಯ ಪ್ರತಿ, ನೋಟಿಸ್, ಅನುಬಂಧ 3, ಅಂಚೆ ರಸೀದಿ ಮತ್ತು ಸಹಿ ಪುಸ್ತಕದ ಪ್ರತಿಗಳೊಂದಿಗೆ ನೋಂದಣಿಗೆ ಕಳುಹಿಸಿದರು. ಮರುದಿನವೇ ಒಬ್ಬ ಸದಸ್ಯರು ನಿವೇಶನ ಮಾರಿ ವರ್ಗಾವಣೆಗೆ ಬಂದಾಗ, ಯಾವ ಶುಲ್ಕ ಬರೆಯಬೇಕೆಂದು ಗುಮಾಸ್ತರು ಕೇಳಿದರು. ₹1,000. ನೋಂದಣಿಯ ಪತ್ರ ಕೈಗೆ ಬರುವವರೆಗೆ ಹಳೆಯ ದರವೇ, ಅದು ನೋಟಿಸಿನ ಏಳನೇ ವಿಷಯದಲ್ಲೇ ಅಚ್ಚಾಗಿತ್ತು.

ಇನ್ನೊಂದು, ಗುತ್ತಿಗೆಯ ಸೂಚನೆ. ಅದನ್ನು ತಂದ ಸದಸ್ಯರಿಗೆ ಅಧ್ಯಕ್ಷರು ಮುಂದಿನ ವರ್ಷದ ವಿಷಯಪಟ್ಟಿಗೆ ಸೇರಿಸುವಂತೆ ಲಿಖಿತವಾಗಿ ಕೊಡಲು ಹೇಳಿದರು. ಅವರು ಮೊದಲು ಕೊಟ್ಟ ಚೀಟಿಯಲ್ಲಿ ‘ಮೂಲೆ ನಿವೇಶನವನ್ನು ಗುತ್ತಿಗೆಗೆ ಕೊಡುವ ಬಗ್ಗೆ’ ಎಂದಿತ್ತು. ಕಾರ್ಯದರ್ಶಿಯವರು ಅದನ್ನು ಹಿಂದಿರುಗಿಸಿ, ಅವಧಿ, ಕನಿಷ್ಠ ಬಾಡಿಗೆ, ಕಟ್ಟಡದ ಉದ್ದೇಶ, ಅವಧಿ ಮುಗಿದ ಮೇಲೆ ಕಟ್ಟಡ ಯಾರದು ಎಂಬ ನಾಲ್ಕನ್ನೂ ಬರೆದು, ‘ತೀರ್ಮಾನಿಸುವುದು’ ಎಂದು ಮುಗಿಸಿ ಕೊಡಿ ಎಂದರು. ಎರಡನೇ ಚೀಟಿ ಈಗ ಕಡತದಲ್ಲಿದೆ. ಬಾಡಿಗೆಯ ಜಾಗ ಮಾತ್ರ ಇನ್ನೂ ಖಾಲಿ. ಸುತ್ತಮುತ್ತಲಿನ ದರ ವಿಚಾರಿಸಿ ತುಂಬುತ್ತೇನೆಂದು ಅವರು ಹೇಳಿದ್ದಾರೆ.